ಚಿಲ್ಲರ್ ಸೂಪರ್‌ವೈಸರ್ ನೆಲ್ಲಿ ಟೀಚರ್

ನನ್ನ ಗಂಡ ಡೆನಿಸ್ ಕುವೈತಿನಿಂದ ರಜೆಯಲ್ಲಿ ಬಂದು ಒಂಬತ್ತು ತಿಂಗಳಾಗಿತ್ತು. ಒಂಬತ್ತು ತಿಂಗಳು ರಜೆ ಕೊಡುವ ಕಂಪನಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲ ಎಂದು ನನಗೆ ಗೊತ್ತು, ಅವನಿಗೆ ಗೊತ್ತು, ಮಂಗಳೂರಿನ ಶಕ್ತಿನಗರದ ನಮ್ಮ ರಸ್ತೆಯ ಅಷ್ಟೂ ಮನೆಗಳಿಗೆ ಗೊತ್ತು. ಆದರೂ ಪಕ್ಕದ ಮನೆಯ ಮಟಿಲ್ಡಾ ಬಾಯಿ ಕಾಂಪೌಂಡಿನಾಚೆಯಿಂದ, “ಡೆನಿಸ್, ವಾಪಸ್ ಯಾವಾಗ?” ಎಂದು ಕೇಳಿದಾಗಲೆಲ್ಲ ಅವನು, “ವೀಸಾ ಬರ್ತಾ ಉಂಟು ಬಾಯಿ” ಎನ್ನುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು.

ಇಪ್ಪತ್ತೊಂದು ವರ್ಷ ಅವನು ಅಲ್ಲಿನ ಒಂದು ದೊಡ್ಡ ಮಾಲ್‌ನಲ್ಲಿ ಚಿಲ್ಲರ್‌ಗಳನ್ನು ನೋಡಿಕೊಂಡಿದ್ದ. ಚಿಲ್ಲರ್ ಎಂದರೆ ಇಡೀ ಕಟ್ಟಡವನ್ನು ತಂಪಾಗಿಡುವ ಯಂತ್ರ. ನಾನು ಇಲ್ಲಿ ಶಾಲೆಯಲ್ಲಿ ಕನ್ನಡ ಕಲಿಸುತ್ತ, ವರ್ಷಕ್ಕೆ ನಲವತ್ತು ದಿನ ಮಾತ್ರ ಗಂಡ ಇರುವ ಹೆಂಗಸಾಗಿ ಮಗಳನ್ನು ಬೆಳೆಸಿದೆ, ಮದುವೆ ಮಾಡಿ ಕಳಿಸಿದೆ. ಈಗ ಅವನು ಮನೆಯಲ್ಲಿದ್ದಾನೆ. ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಗೇಟು ಹಾಕಲು ಒಬ್ಬ ಮನುಷ್ಯ ಇದ್ದಾನೆ. ನನಗೆ ಅವನು ಹೋಗುವುದು ಬೇಡವಾಗಿತ್ತು. ಇದನ್ನು ಬಾಯಿ ಬಿಟ್ಟು ಹೇಳುವ ಅಭ್ಯಾಸ ಮಾತ್ರ ನನಗೆ ತಪ್ಪಿಹೋಗಿತ್ತು.

(ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅದರಲ್ಲಿ ಗಂಡನಿಗೂ ‘ತುಂ’ ಎನ್ನುತ್ತೇವೆ. ಹಾಗಾಗಿ ಇಲ್ಲಿ ‘ನೀನು’ ಎಂದೇ ಬರೆಯುತ್ತಿದ್ದೇನೆ. ಮರ್ಯಾದೆ ಕಡಿಮೆಯಾಯಿತು ಎಂದು ಯಾರೂ ಬೇಸರಿಸಬಾರದು.)

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ, ಊಟ ಮುಗಿಸಿ, ಡೆನಿಸ್ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟ. “ನನ್ನ ಕನ್ನಡಕದಲ್ಲಿ ಈ ಸಣ್ಣ ಅಕ್ಷರ ಕಾಣುವುದಿಲ್ಲ. ನೀನು ಟೈಪ್ ಮಾಡು, ನಾನು ಹೇಳ್ತೇನೆ.”

ಅದು ಉದ್ಯೋಗ ಹುಡುಕುವ ತಾಣ. ಕೆಲಸಕ್ಕೆ ಜನ ಹುಡುಕುವವರಿಗೆ ‘ನಾನು ಸಿದ್ಧನಿದ್ದೇನೆ, ಇಂಥ ಕೆಲಸ ಬೇಕು, ಇಂಥ ಊರಲ್ಲಿ ಬೇಕು’ ಎಂದು ತಿಳಿಸುವ ಪುಟ ತೆರೆದಿತ್ತು. ಹುದ್ದೆಗೆ ಐದು ಜಾಗ, ಊರಿಗೆ ಐದು ಜಾಗ. ಅದಕ್ಕಿಂತ ಹೆಚ್ಚು ಹಾಕಲು ಬಿಡುವುದಿಲ್ಲ.

“ಹುದ್ದೆ?”

“ಜನರಲ್ ಮ್ಯಾನೇಜರ್.”

ನಾನು ತಲೆ ಎತ್ತಿ ನೋಡಿದೆ.

“ನೋಡುವುದೆಂತ? ಬರೆ. ಆಪರೇಷನ್ಸ್ ಮ್ಯಾನೇಜರ್. ಪ್ರಾಜೆಕ್ಟ್ ಮ್ಯಾನೇಜರ್. ಫೆಸಿಲಿಟಿ ಮ್ಯಾನೇಜರ್. ಡೈರೆಕ್ಟರ್.”

“ಚಿಲ್ಲರ್ ಎಲ್ಲಿ ಹೋಯ್ತು?”

“ಚಿಲ್ಲರ್ ಒಳಗೇ ಉಂಟಲ್ಲ, ಮ್ಯಾನೇಜರ್ ಅಂದ್ರೆ ಎಲ್ಲ ಬಂತು.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ, ಬರೆದೆ. ಊರುಗಳು: ಕುವೈತ್, ದೋಹಾ, ದುಬೈ, ಮಸ್ಕತ್, ಬಹ್ರೇನ್. ಐದೂ ತುಂಬಿತು. ನಾವು ಕುಳಿತಿದ್ದ ಊರಿಗೆ ಜಾಗವೇ ಉಳಿಯಲಿಲ್ಲ. ಕೆಲಸದ ಬಗೆಯಲ್ಲಿ ಪೂರ್ಣಾವಧಿ, ಗುತ್ತಿಗೆ ಎರಡಕ್ಕೂ ಗುರುತು ಹಾಕಿಸಿದ. ಕೊನೆಗೆ ಇದು ಯಾರಿಗೆ ಕಾಣಬೇಕು ಎಂಬ ಪ್ರಶ್ನೆ. ಎಲ್ಲರಿಗೂ ಎಂದರೆ ಅವನ ಫೋಟೋದ ಸುತ್ತ ಹಸಿರು ಬಳೆ ಬರುತ್ತದೆ. ನೇಮಕಾತಿಯವರಿಗೆ ಮಾತ್ರ ಎಂದರೆ ಬಳೆ ಇಲ್ಲ, ಗುಟ್ಟು.

“ಗುಟ್ಟು, ಗುಟ್ಟು” ಎಂದು ಡೆನಿಸ್ ಕೈ ಬೀಸಿದ. “ಬಳೆ ಬಂದ್ರೆ ಮುಂದಿನ ಭಾನುವಾರ ಇಡೀ ಚರ್ಚಿಗೆ ಗೊತ್ತಾಗ್ತದೆ.”

ಅಲ್ಲಿಂದ ಕರೆಗಳು ಶುರುವಾದವು. ದೋಹಾದಲ್ಲಿ ಮೂರು ಶವರ್ಮಾ ಅಂಗಡಿ ಇಟ್ಟುಕೊಂಡವನೊಬ್ಬ ಆಪರೇಷನ್ಸ್ ಮ್ಯಾನೇಜರ್ ಹುಡುಕುತ್ತಿದ್ದ. ಕೋಳಿ ಸುಡಲು ಬರುತ್ತದೆಯೇ ಎಂದು ಕೇಳಿದ. ಮಸ್ಕತ್ತಿನ ಅತ್ತರು ವ್ಯಾಪಾರಿಗೆ ಜನರಲ್ ಮ್ಯಾನೇಜರ್ ಬೇಕಿತ್ತು, ಮೂವತ್ತೈದರ ಒಳಗಿನವನು. ಡೆನಿಸಿಗೆ ಐವತ್ತಾರು. ಪ್ರತಿ ಕರೆಗೂ ಅವನು ಒಳ್ಳೆಯ ಅಂಗಿ ಹಾಕಿ ಜಗಲಿಗೆ ಹೋಗಿ ಗಟ್ಟಿಯಾಗಿ ಇಂಗ್ಲಿಷ್ ಮಾತನಾಡುತ್ತಿದ್ದ, ಮಟಿಲ್ಡಾ ಬಾಯಿಗೆ ಕೇಳಲಿ ಎಂದು. ಆಮೇಲೆ ಒಳಗೆ ಬಂದು ಅಂಗಿ ಬಿಚ್ಚಿ ನೇತುಹಾಕುತ್ತಿದ್ದ. ಅದನ್ನು ನೋಡುವಾಗ ನನಗೆ ನಗು ಬರುತ್ತಿತ್ತು, ಮರುಕ್ಷಣ ಸಂಕಟವಾಗುತ್ತಿತ್ತು. ಇಷ್ಟು ಚೆನ್ನಾಗಿ ಕೆಲಸ ಗೊತ್ತಿರುವ ಮನುಷ್ಯ ಕೋಳಿ ಸುಡುವವನಿಗೆ ‘ಯೆಸ್ ಸರ್’ ಅನ್ನಬೇಕೆ?

ಒಂದು ದಿನ ಶಾಲೆಯಲ್ಲಿ ಬಿಡುವಿದ್ದಾಗ ನನ್ನ ಫೋನಿನಲ್ಲೇ ಆ ತಾಣಕ್ಕೆ ಸೇರಿದೆ. ಹೆಸರು, ಊರು, ಫೋನ್ ನಂಬರು, ಕನ್ನಡ ಶಿಕ್ಷಕಿ, ಇಪ್ಪತ್ತಾರು ವರ್ಷ ಎಂದು ಬರೆದೆ. ನನಗೆ ಬೇಕಿದ್ದದ್ದು ಉದ್ಯೋಗದ ಅಲರ್ಟ್ ಮಾತ್ರ. ನಾವು ಹೇಳಿದ ಊರಲ್ಲಿ ಹೇಳಿದ ಕೆಲಸ ಬಂದರೆ ಅದು ನಮಗೆ ಸುದ್ದಿ ಕಳಿಸುತ್ತದೆ. ಮಗಳ ಶಾಲಾ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಹನ್ನೆರಡು ವರ್ಷ ಬರೆದದ್ದನ್ನೇ ಬರೆದೆ: ಚಿಲ್ಲರ್ ಮೇಂಟೆನೆನ್ಸ್ ಸೂಪರ್‌ವೈಸರ್. ಊರು ಮಂಗಳೂರು. ಪೂರ್ಣಾವಧಿ. ದಿನಕ್ಕೊಂದು ಸಲ.

ಆಮೇಲೆ ತಾಣ ಏನೋ ಕೇಳಿತು. ಬೆಲ್ ಹೊಡೆದಿತ್ತು, ಆರನೇ ತರಗತಿಯವರು ಗಲಾಟೆ ಎಬ್ಬಿಸಿದ್ದರು. ಹೌದು ಎಂದೆ. ಮತ್ತೇನೋ ಕೇಳಿತು. ಅದಕ್ಕೂ ಹೌದು ಎಂದೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ’ ಎಂದು ಕಿವಿ ಹಿಂಡಿದವಳು ನಾನು.

ನಾಲ್ಕನೇ ದಿನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುವಾಗ ಫೋನ್ ಬಂತು.

“ನೆಲ್ಲಿ ಕ್ರಾಸ್ತಾ ಅವರಾ? ನಾನು ಅಫ್ರೋಝ್ ಅಂತ, ಕಂಕನಾಡಿಯಿಂದ. ಕಂಪನಿಗಳಿಗೆ ಜನ ಹುಡುಕಿ ಕೊಡ್ತೇನೆ. ಬೈಕಂಪಾಡಿಯಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ಉಂಟು, ಅಲ್ಲಿಗೆ ಸೂಪರ್‌ವೈಸರ್ ಬೇಕು. ನೀವು ರೆಡಿ ಇದ್ದೀರಿ ಅಂತ ನನಗೆ ತೋರಿಸ್ತಾ ಉಂಟು.”

“ನಾನಾ? ನಾನು ಕನ್ನಡ ಟೀಚರ್!”

“ಅದೂ ತೋರಿಸ್ತಾ ಉಂಟು ಟೀಚರ್. ಅದಕ್ಕೇ ನನಗೂ ತಲೆ ಕೆಟ್ಟದ್ದು.” ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. “ನೀವು ಅಲರ್ಟ್ ಹಾಕಿದ ಮೇಲೆ, ‘ನೇಮಕಾತಿಯವರಿಗೂ ತಿಳಿಸಲಾ’ ಅಂತ ಕೇಳಿರ್ತದೆ. ನೀವು ಹೌದು ಅಂದಿದ್ದೀರಿ. ಅಲರ್ಟ್ ಅಂದ್ರೆ ಕೆಲಸದ ಸುದ್ದಿ ನಿಮಗೆ ಬರೋದು. ಇದು ನಿಮ್ಮ ಸುದ್ದಿ ನಮಗೆ ಬರೋದು.”

“ದೇವಾ! ತಪ್ಪಾಯ್ತು, ತೆಗೀತೇನೆ.”

“ನಿಲ್ಲಿ ಟೀಚರ್, ನಿಲ್ಲಿ. ಈ ಊರಲ್ಲಿ ಚಿಲ್ಲರ್ ಗೊತ್ತಿರುವವರು ಕಡಿಮೆ ಅಂದ್ರೂ ಐವತ್ತು ಜನ ಇದ್ದಾರೆ. ಎಲ್ಲರೂ ಹಾಕಿದ್ದು ಗಲ್ಫ್. ಕೆಲಸ ಬೇಕಾದ ಊರು ಮಂಗಳೂರು ಅಂತ ಹಾಕಿ ಹುಡುಕಿದ್ರೆ ನನಗೆ ಬಂದದ್ದು ಒಂದೇ ಹೆಸರು. ನಿಮ್ಮದು. ಟೀಚರ್ ಇಷ್ಟು ಸರಿಯಾಗಿ ಹುದ್ದೆ ಬರೀಬೇಕಾದ್ರೆ ಮನೆಯಲ್ಲಿ ಯಾರೋ ಇರಬೇಕು ಅಂತ ಫೋನ್ ಮಾಡಿದೆ. ಇದ್ದಾರಾ?”

ನಾನು ಬುತ್ತಿ ಮುಚ್ಚಿದೆ. ಇದ್ದಾರೆ ಎಂದೆ.

ಎಲ್ಲ ಕೇಳಿಕೊಂಡು ಅಫ್ರೋಝ್ ಒಂದು ಮಾತು ಹೇಳಿದ. “ಕಂಪನಿಗೆ ಅವರ ಪ್ರೊಫೈಲ್ ಕಳಿಸಬೇಕು. ಆದ್ರೆ ಐದು ಊರೂ ಗಲ್ಫ್ ಅಂತ ಇದ್ರೆ ನಾನೇ ಕಳಿಸುದಿಲ್ಲ ಟೀಚರ್. ಹೋದ ಸಲ ಹಾಗೇ ಒಬ್ಬನನ್ನು ಕೊಟ್ಟೆ. ನಾಲ್ಕು ತಿಂಗಳಿಗೆ ವೀಸಾ ಬಂತು, ಹೋದ. ಅವರಿಗೆ ಇಲ್ಲಿ ಇರುವ ಮನಸ್ಸು ಉಂಟಾ, ಕೇಳಿ. ಇದ್ರೆ ಬದಲಾಯಿಸಿ, ನಾಳೆ ನೋಡ್ತೇನೆ.”

ಇಲ್ಲಿ ಇರುವ ಮನಸ್ಸು ಉಂಟಾ. ಯಾರೋ ಅಪರಿಚಿತ ಫೋನಿನಲ್ಲಿ ಕೇಳುವ ತನಕ ನಾನು ಈ ಪ್ರಶ್ನೆಯನ್ನು ನನ್ನ ಗಂಡನಿಗೆ ಕೇಳಿರಲಿಲ್ಲ.

ಸಂಜೆ ಚಹಾ ಕೊಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಡೆನಿಸ್ ಮೊದಲು ಬಿದ್ದು ಬಿದ್ದು ನಕ್ಕ. “ಚಿಲ್ಲರ್ ಸೂಪರ್‌ವೈಸರ್ ನೆಲ್ಲಿ ಟೀಚರ್! ಕಂಪ್ರೆಸರಿಗೆ ಕಾಗುಣಿತ ಕಲಿಸ್ತೀಯಾ?” ಎಂದ. ಆಮೇಲೆ ನಗು ನಿಂತಿತು.

“ಯಾರು ಹೇಳಿದ್ದು ನಿನಗೆ ಮಂಗಳೂರು ಹಾಕ್ಲಿಕ್ಕೆ?”

“ಯಾರೂ ಹೇಳ್ಲಿಲ್ಲ.”

“ಮೀನು ತಂಪು ಮಾಡ್ಲಿಕ್ಕೆ ನಾನಾ? ಮಾಲ್ ನೋಡಿಕೊಂಡವನು ನಾನು.”

“ಮಾಲ್ ಯಾರ ಹೊಟ್ಟೆಗೆ ಹೋಯ್ತು? ಮೀನಾದ್ರೂ ಹೋಗ್ತದೆ.”

“ಊರವರು ಎಂತ ಹೇಳಿಯಾರು? ಡೆನಿಸಿಗೆ ಅಲ್ಲಿ ಬೇಡವಾಯ್ತು, ಬೈಕಂಪಾಡಿ ಸೇರಿದ ಅಂತ ಹೇಳುದಿಲ್ಲವಾ?”

ನನಗೆ ಸಿಟ್ಟು ನೆತ್ತಿಗೇರಿತು. “ಅಲ್ಲಿ ಬೇಡವಾಯ್ತು, ನಿಜ. ಇಲ್ಲಿ ಬೇಕು. ನನಗೆ ಬೇಕು. ಇಪ್ಪತ್ತೊಂದು ವರ್ಷ ನಾನು ನೀನಿಲ್ಲದೆ ಊಟ ಮಾಡಿದ್ದೇನೆ ಡೆನಿಸ್. ಇನ್ನು ನನಗೆ ಆಗುದಿಲ್ಲ. ನಿನಗೆ ಹೋಗ್ಲೇಬೇಕಾದ್ರೆ ಹೋಗು, ಆದ್ರೆ ಊರವರಿಗಾಗಿ ಹೋಗಬೇಡ.”

ಡೆನಿಸ್ ಎದ್ದು ಹೋಗಿ ಲ್ಯಾಪ್‌ಟಾಪ್ ತಂದ, ಈ ಸಲ ತನ್ನ ಮುಂದೆಯೇ ಇಟ್ಟುಕೊಂಡ. ಪರದೆಗೆ ಮೂಗು ತಾಗಿಸಿ ಐದು ಮ್ಯಾನೇಜರುಗಳನ್ನು ಅಳಿಸಿದ. ಒಂದೇ ಹುದ್ದೆ ಬರೆದ. ಊರುಗಳಿಗೆ ಬಂದ. ಮಸ್ಕತ್ ಹೋಯಿತು, ಬಹ್ರೇನ್, ದುಬೈ, ದೋಹಾ ಹೋದವು. ಖಾಲಿಯಾದಲ್ಲಿ ಮಂಗಳೂರು ಬಂತು. ಕುವೈತ್ ಹತ್ತಿರ ಬೆರಳು ನಿಂತಿತು.

“ಇದು ಇರ್ಲಾ?” ಎಂದು ಕೇಳಿದ.

ಬೇಡ ಎನ್ನಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. “ನಿನ್ನ ಇಷ್ಟ” ಎಂದೆ. ನಾನು ಚಹಾ ಲೋಟ ತೊಳೆಯಲು ಹೋಗುವ ತನಕ ಅವನು ಕಾದ. ಬಂದು ನೋಡುವಾಗ ಲ್ಯಾಪ್‌ಟಾಪ್ ಮುಚ್ಚಿತ್ತು. ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಖಾತೆಗೆ ಹೋಗಿ ನಾನು ಕೆಲಸಕ್ಕೆ ಸಿದ್ಧಳಿದ್ದೇನೆ ಎಂಬುದನ್ನು ತೆಗೆದೆ, ಈ ಸಲ ಪ್ರಶ್ನೆಗಳನ್ನು ಪೂರ್ತಿ ಓದಿ.

ಮರುದಿನ ಅಫ್ರೋಝ್ ಡೆನಿಸಿಗೇ ನೇರವಾಗಿ ಫೋನ್ ಮಾಡಿದ. ಸೋಮವಾರ ಸಂದರ್ಶನ. ಡೆನಿಸ್ ಆ ಒಳ್ಳೆಯ ಅಂಗಿ ಹಾಕಿ ಬೈಕಂಪಾಡಿಗೆ ಬಸ್ಸಿನಲ್ಲಿ ಹೋದ. ನಾನು ಶಾಲೆಯಲ್ಲಿ ಮೂರು ಪೀರಿಯಡ್ ಬಾಯಿಗೆ ಬಂದದ್ದನ್ನು ಪಾಠ ಮಾಡಿದೆ. ಹನ್ನೆರಡೂವರೆಗೆ ಅಫ್ರೋಝ್ ಕರೆ ಬಂತು.

“ಟೀಚರ್, ರಿಸಲ್ಟ್ ಬುಧವಾರ. ಇನ್ನೊಬ್ಬರೂ ಇದ್ದಾರೆ, ಸುಳ್ಳು ಹೇಳುದಿಲ್ಲ. ಆದ್ರೆ ಒಂದು ವಿಷಯ ನಿಮಗೆ ಹೇಳಬೇಕು ಅಂತ ಕಂಡಿತು. ಅಲ್ಲಿನ ಮ್ಯಾನೇಜರ್ ಪ್ರೊಫೈಲ್ ನೋಡಿ ಕೇಳಿದ್ರು, ‘ಇಷ್ಟು ಅನುಭವ ಉಂಟು, ಕುವೈತ್ ಸಹ ಹಾಕ್ಲಿಲ್ಲ, ಮಂಗಳೂರು ಒಂದೇ ಹಾಕಿದ್ದೀರಿ. ನಾವು ತೆಗೆದುಕೊಳ್ಳದಿದ್ರೆ ಎಂತ ಮಾಡ್ತೀರಿ?’ ಅಂತ.”

“ಎಂತ ಹೇಳಿದ್ರು?”

“‘ಇಲ್ಲೇ ಇರ್ತೇನೆ. ನನ್ನ ಹೆಂಡತಿ ಇಲ್ಲಿದ್ದಾಳೆ’ ಅಂದ್ರು ಟೀಚರ್. ಅಷ್ಟೇ ಅಂದ್ರು.”

ಆ ದಿನ ಆರನೇ ತರಗತಿಗೆ ನನ್ನಿಂದ ಪಾಠ ಮಾಡಲಾಗಲಿಲ್ಲ. ಪದ್ಯ ಬಾಯಿಪಾಠ ಮಾಡಿ ಎಂದು ಹೇಳಿ, ಬೋರ್ಡಿನ ಕಡೆ ಮುಖ ಮಾಡಿ ದಿನಾಂಕ ಬರೆಯುತ್ತ ನಿಂತೆ.