ಬಣ್ಣ ಬಳಿದ ಚಾವಣಿ

ಗೋದಾಮಿನ ಮ್ಯಾನೇಜರನ ಮಾತನ್ನು ಫಿಟ್ಟರ್ ಮೊದಲಿನಿಂದಲೂ ನಂಬಿರಲಿಲ್ಲ. "ಚಾವಣಿ ಮೇಲೆ ಆನೆ ನಡೆದ್ರೂ ಅಲುಗಲ್ಲ" ಎಂದವನು ತಾನು ಮಾತ್ರ ಏಣಿಗೆ ಕಾಲಿಟ್ಟಿರಲಿಲ್ಲ. ಮೇಲೆ ನೋಡಿದರೆ ಹಳೇ ಸಿಮೆಂಟ್ ಶೀಟುಗಳಿಗೆಲ್ಲ ಹೊಸ ಬೂದು ಬಣ್ಣ. ಸುಮ್ಮನೆ ಯಾರೂ ಮುದಿ ಮುಖಕ್ಕೆ ಪೌಡರ್ ಮೆತ್ತುವುದಿಲ್ಲ. ಅದಕ್ಕೇ ಅವನು ಹಲಗೆ ಹಾಸಿಕೊಂಡು, ಮೈಗೆ ಬೆಲ್ಟ್ ಬಿಗಿದು, ಹಗ್ಗವನ್ನು ಕಬ್ಬಿಣದ ತೊಲೆಗೆ ಸಿಕ್ಕಿಸಿಯೇ ಕೆಟ್ಟಿದ್ದ ಸೋಲಾರ್ ಪ್ಯಾನೆಲ್‌ಗಳ ಸಾಲಿನ ಹತ್ತಿರ ಹೋಗಿದ್ದ. ಕಂಟ್ರಾಕ್ಟು ಹಿಡಿದಿದ್ದ ಭಾವ, ಅಂದರೆ ಅಕ್ಕನ ಗಂಡ, ಬೆಲ್ಟೂ ಹಗ್ಗವೂ ಇಲ್ಲದೆ ಹಿಂದೆ ಬಂದ.

"ಹಗ್ಗ ಕಂಡ್ರೂ ಹಾವು ಅಂತೀಯಲ್ಲೋ. ಸೋಲಾರ್ ಮೇನ್ ಸ್ವಿಚ್ ಇಳಿಸಿದೀನಿ, ವೈರು ಬಿಚ್ಚು."

"ಬಿಸಿಲು ಇಳಿಸಿದೀರಾ ಭಾವ? ಬಿಸಿಲಿರೋವರೆಗೂ ಪ್ಯಾನೆಲ್ ಕರೆಂಟ್ ಕೊಡ್ತಾನೇ ಇರುತ್ತೆ." ಫಿಟ್ಟರ್ ವೈರಿಗೆ ಮೀಟರ್ ಕಚ್ಚಿಸಿ ತೋರಿಸಿದ. ಮೇನ್ ಇಳಿಸಿದ್ದರೂ ಆರು ಆಂಪಿಯರ್ ಹರಿಯುತ್ತಿತ್ತು. "ಎಲ್ಲೋ ವೈರು ಸುಲಿದು ಕಂಬಿಗೆ ತಾಗ್ತಿದೆ. ಈಗ ಕನೆಕ್ಟರ್ ಎಳೆದ್ರೆ ಬೆಂಕಿ ಕಿತ್ಕೊಂಡು ಬರುತ್ತೆ. ಟಾರ್ಪಾಲ್ ತಂದು ಪ್ಯಾನೆಲ್ ಮುಚ್ತೀನಿ, ಮುಟ್ಬೇಡಿ."

"ನಿನ್ನ ಮೀಟರ್‌ಗೂ ನಿನ್ನ ರೋಗವೇ ಅಂಟಿದೆ."

ಟಾರ್ಪಾಲು ಗೋದಾಮಿನೊಳಗಿತ್ತು. ನಡುಹಗಲಲ್ಲೂ ಅಲ್ಲಿ ಲೈಟು ಉರಿಯುತ್ತಿತ್ತು. ಫಿಟ್ಟರ್‌ಗೆ ಅದು ಸರಿಬರಲಿಲ್ಲ.

"ಹಗಲಲ್ಲೂ ಲೈಟ್ ಯಾಕಮ್ಮ?" ಎಂದು ಚೀಲ ಹೊಲಿಯುತ್ತಿದ್ದ ಹೆಂಗಸನ್ನು ಕೇಳಿದ.

"ಮೊದಲು ಬೇಕಿರ್ಲಿಲ್ಲಪ್ಪ. ಮೇಲಿಂದ ಬೆಳಕು ಬೀಳ್ತಿತ್ತು. ಬಣ್ಣ ಹೊಡೆದ್ರು ನೋಡು, ಎಲ್ಲಾ ಕತ್ತಲೆ."

ಅವನು ತಲೆಯೆತ್ತಿದ. ಸಿಮೆಂಟ್ ಶೀಟುಗಳ ನಡುವೆ ಒಂದೆರಡು ಶೀಟುಗಳಲ್ಲಿ ಮಾತ್ರ ಮಂಕು ಹಳದಿ ಬೆಳಕು ಜಿನುಗುತ್ತಿತ್ತು. ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟು, ಬಿಸಿಲಿಗೆ ಬೆಂದು ಸೀಳುಬಿಟ್ಟಿತ್ತು. ಒಂದು ಶೀಟಂತೂ ಭಾವ ಕೂತಿದ್ದ ಜಾಗದ ಬೆನ್ನಿಗೇ ಇತ್ತು. ವೈರು ಎಳೆದು, ಕಿಡಿಗೆ ಬೆಚ್ಚಿ ಒಂದೇ ಹೆಜ್ಜೆ ಹಿಂದಿಟ್ಟರೆ ನೇರ ಕೆಳಗೆ, ಸಿಮೆಂಟ್ ನೆಲಕ್ಕೆ.

"ಅಮ್ಮಾ, ಅಲ್ಲಿಂದ ಏಳಿ, ಆಚೆ ಹೋಗಿ" ಎಂದವನೇ ಏಣಿಗೆ ಓಡಿದ. ಕೂಗಬೇಕೆನ್ನಿಸಿತು. ಕೂಗಿದರೂ ಆ ಮನುಷ್ಯ ಬೆಚ್ಚುತ್ತಾನೆ. ಹಲ್ಲು ಕಚ್ಚಿ ಹತ್ತಿದ. ಹತ್ತುತ್ತಲೇ ಮ್ಯಾನೇಜರನ ಏಳು ತಲೆಮಾರಿಗೂ ಬೈದ.

ಮೇಲೆ ಹಗ್ಗ ಸಿಕ್ಕಿಸಿಕೊಂಡು ನೋಡಿದ. ಭಾವ ಹಲಗೆ ಬಿಟ್ಟು ಕುಕ್ಕರಗಾಲಲ್ಲಿ ಕೂತು ಕನೆಕ್ಟರಿಗೆ ಕೈ ಹಾಕಿದ್ದ.

"ಭಾವ," ಎಂದ, ಅಂಗಳದಲ್ಲಿ ನೀರು ಕೇಳುವವನಂತೆ ಮೆಲ್ಲಗೆ. "ಅದನ್ನ ಬಿಡಿ. ಏಳ್ಬೇಡಿ. ಹಿಂದೆ ಸಿಮೆಂಟ್ ಶೀಟಲ್ಲ, ಪ್ಲಾಸ್ಟಿಕ್ಕು."

"ಹೆದರಿಸ್ತೀಯಾ ನನ್ನ?"

"ಒಳಗಿಂದ ನೋಡ್ಬಂದೆ. ಅಕ್ಕನ ಆಣೆ."

ಭಾವ ಅನುಮಾನದಿಂದ ಅವನ ಮುಖ ನೋಡಿದ. ಆಮೇಲೆ ಸ್ಪಾನರ್ ತುದಿಯಿಂದ ಬೆನ್ನ ಹಿಂದೆ ಮೆತ್ತಗೆ ಒತ್ತಿದ. ಬಣ್ಣ ಚಟಪಟ ಬಿರಿಯಿತು, ಸ್ಪಾನರ್ ಅರ್ಧ ಒಳಗೆ ಹೋಯಿತು. ಕೆಳಗಿನ ಲೈಟು ಕಂಡಿತು.

ಅವನ ಕೈ ತಾನಾಗಿ ವೈರು ಬಿಟ್ಟಿತು.

ಫಿಟ್ಟರ್ ಇನ್ನೊಂದು ಹಲಗೆಯನ್ನು ಅಡಿಯಲ್ಲಿ ತೊಲೆ ಇರುವುದನ್ನು ತೋರಿಸುವ ಬೋಲ್ಟಿನ ಸಾಲುಗಳಿಗೆ ಅಡ್ಡವಾಗಿ, ಎರಡು ತೊಲೆಗಳ ಮೇಲೆ ಕೂರುವಂತೆ ತಳ್ಳಿದ. ಭಾವ ಅಂಬೆಗಾಲಲ್ಲಿ ಅದರ ಮೇಲೆ ಬಂದು ಅವನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನಕ್ಕನಿಗೆ ಹೇಳ್ಬೇಡ."

ಫಿಟ್ಟರ್ ಭಾವನನ್ನು ಮೆಲ್ಲಗೆ ಏಣಿಯ ಕಡೆ ತಿರುಗಿಸಿದ. ಅಕ್ಕನಿಗೆ ಹೇಳುವುದೋ ಬಿಡುವುದೋ ಫಿಟ್ಟರ್‌ಗೇ ಗೊತ್ತಿರಲಿಲ್ಲ.