ಸೀಸದ ಗೆರೆಯ ಮುಳ್ಳುಬೇಲಿ

ಐ.ಡಿ.ಹಳ್ಳಿ ಕಡೆಯ ಗೊಲ್ಲರಹಟ್ಟಿಯಲ್ಲಿ ಸಮುದಾಯ ಭವನ ಎದ್ದಿತ್ತು. ಅದರ ಕಿಟಕಿಗೆ ಬಣ್ಣದ ಗಾಜು ಕೂರಿಸಲು ಲಾವಣ್ಯ ಹಿರಿಯರನ್ನು ಹೇಗೋ ಒಪ್ಪಿಸಿದ್ದಳು. ಚಿತ್ರಕಲೆ ಓದಿದವಳ ಮೊದಲ ಕೆಲಸ. ಸೋಮವಾರದೊಳಗೆ ಶುರುವಾಗದಿದ್ದರೆ ಕಿಟಕಿಗೆ ಬಣ್ಣದ ಸ್ಟಿಕ್ಕರ್ ಅಂಟಿಸುತ್ತೇವೆ ಎಂದಿದ್ದರು ಆ ಮಹಾನುಭಾವರು.

ಶುಕ್ರವಾರ ಸಿರಾದಲ್ಲಿ ಗಾಜು ಕೆಲಸದ ಭೀಮರಾಜುವಿನ ಮುಂದೆ ಹಾಳೆ ಬಿಚ್ಚಿದಳು. ಕಡುನೀಲಿ ಆಕಾಶ, ಮಾಣಿಕ್ಯದಂಥ ಕೆಂಪು ಸೂರ್ಯ, ಜೇನುಬಣ್ಣದ ನೆಲ, ಅಲ್ಲಲ್ಲಿ ಪಚ್ಚೆಹಸಿರು. ಅಡ್ಡಲಾಗಿ ದಪ್ಪ ಕಪ್ಪು ಗೆರೆಗಳಲ್ಲಿ ಹಟ್ಟಿಯ ಮುಳ್ಳುಬೇಲಿ. ಪ್ರತಿ ಜಾಲಿಕೊಂಬೆಯ ತುದಿಯೂ ಆಕಾಶದ ನಡುವೆ ಚೂಪಾಗಿ ಮುಗಿದಿತ್ತು.

"ಚೆಂದಾಗಿದೆ ಕಣಮ್ಮ. ಆದ್ರೆ ಆಗಕಿಲ್ಲ," ಎಂದ ಭೀಮರಾಜು.

ನೀಲಿ ಗಾಜಿನ ಚೂರೊಂದರ ಮೇಲೆ ಕಟರ್‌ನಿಂದ ಅರ್ಧದವರೆಗೆ ಗೀರಿ ಅದುಮಿದ. ಟಕ್! ಗಾಜು ಆಚೆ ಅಂಚಿನವರೆಗೂ ಸೀಳಿತು. "ನೋಡು, ಸೀಳು ಅರ್ಧಕ್ಕೆ ನಿಲ್ಲಕಿಲ್ಲ. ಈ ಕರೀ ಗೆರೆ ಬಣ್ಣ ಅಲ್ಲ, ಸೀಸದ ಪಟ್ಟಿ. ಎರಡೂ ಕಡೆ ಸಂದಿ ಇರ್ತದೆ, ಗಾಜು ಅದ್ರಲ್ಲಿ ಕೂರ್ತದೆ. ಗೆರೆ ಇನ್ನೊಂದು ಗೆರೆಗೋ ಚೌಕಟ್ಟಿಗೋ ಮುಟ್ಲೇಬೇಕು. ಗಾಜಿನ ಮೇಲೆ ಸುಮ್ನೆ ಸೀಸ ಅಂಟಿಸಬೋದು. ಅಂಥ ಸುಳ್ಳುಗೆರೆ ನಾನು ಮಾಡಕಿಲ್ಲ."

ಲಾವಣ್ಯ ಮುಖ ಇಳಿಬಿಟ್ಟುಕೊಂಡು ಹಟ್ಟಿಗೆ ಬಂದಳು. ಅಜ್ಜಿ ಜುಂಜಮ್ಮ ಹಾಳೆ ನೋಡಿ ಕಿಸಕ್ಕನೆ ನಕ್ಕಳು.

"ಇದೆಂಥ ಬೇಲಿ ಕಟ್ಟಿದ್ದೀಯೆ? ಮೊಬೈಲಲ್ಲಿ ಒಂದ್ ಕೊಂಬೆ ಫೋಟೋ ತಕ್ಕಂಡು ಬರ್ದ್‌ಬುಟ್ರೆ ಆಯ್ತಾ? ಬೇಲಿ ಕಟ್ಟದೇ ಇರೋಳು ಬೇಲಿ ಬರೆಯೋದು ಇಂಗೇನೆ."

ಲಾವಣ್ಯಳಿಗೆ ರೇಗಿಹೋಯಿತು. ಅಜ್ಜಿ ಕ್ಯಾರೇ ಅನ್ನದೆ ಅವಳ ರಟ್ಟೆ ಹಿಡಿದು ಮುಳ್ಳುಬೇಲಿ ಸುತ್ತಿದ ಕುರಿರೊಪ್ಪಕ್ಕೆ ಎಳೆದೊಯ್ದಳು. "ಒಂದ್ ತುದಿ ತೋರ್ಸು, ಗಾಳೀಲಿ ನಿಂತಿರೋದು."

ಲಾವಣ್ಯ ಹುಡುಕಿದಳು. ಒಂದೂ ಇರಲಿಲ್ಲ. ಪ್ರತಿ ಕೊಂಬೆಯ ತುದಿಯನ್ನೂ ಪಕ್ಕದ್ದರೊಳಗೆ ಸಿಕ್ಕಿಸಿದ್ದರು.

"ತುದಿ ಬುಟ್ರೆ ಅಲ್ಲೇ ಸಂದಿ ಬೀಳ್ತದೆ. ಸಂದಿ ಬಿದ್ರೆ ಚಿರತೆ ಬತ್ತದೆ. ಒಂದ್ಸಲ ನಾನೇ ಬುಟ್ಟಿದ್ದೆ. ಏಳು ಮರಿ ಹೋದ್ವು."

ಭಾನುವಾರ ಲಾವಣ್ಯ ಬೇಲಿಯನ್ನು ಹೊಸದಾಗಿ ಬರೆದ ಹಾಳೆ ಒಯ್ದಳು. ಭೀಮರಾಜು ಒಂದೊಂದು ಗೆರೆಯ ಮೇಲೂ ಬೆರಳೆಳೆದು ನೋಡಿದ. ಎಲ್ಲೂ ಬೆರಳು ನಿಲ್ಲಲಿಲ್ಲ. "ಈಗ ಆಯ್ತದೆ," ಎಂದವನೇ ತುಂಡುಗಳಿಗೆ ನಂಬರ್ ಹಾಕಲು ಕೂತ. ಸೀಸದ ದಪ್ಪಕ್ಕೆ ಜಾಗ ಬಿಟ್ಟು ಗಾಜು ಕೊಯ್ದ. ಮೂಲೆಯಿಂದ ಜೋಡಿಸುತ್ತ, ಜರುಗದಂತೆ ಮೊಳೆ ಒತ್ತಿ, ಕೂಡುವಲ್ಲೆಲ್ಲ ಎರಡೂ ಬದಿ ಬೆಸುಗೆ ಹಾಕಿದ. ಅಲುಗದಂತೆ ಸಂದಿಗಳಿಗೆ ಪುಟ್ಟಿ ತುಂಬಿದ.

ಕಿಟಕಿ ಕೂರಿಸಿದ ದಿನ ಹಿರಿಯರು ಬಣ್ಣ ನೋಡಿ ಬಾಯಿಬಿಟ್ಟರು. ಜುಂಜಮ್ಮ ಬಣ್ಣ ನೋಡಲೇ ಇಲ್ಲ. ಸ್ಟೂಲ್ ಹತ್ತಿ, ಕಪ್ಪು ಗೆರೆ ಕೂಡಿದಲ್ಲೆಲ್ಲ ಹೆಬ್ಬೆರಳು ಒತ್ತುತ್ತ ಈ ತುದಿಯಿಂದ ಆ ತುದಿಯವರೆಗೆ ತಡಕಿದಳು. ಲಾವಣ್ಯ ಸ್ಟೂಲ್ ಹಿಡಿದು ನಿಂತಿದ್ದಳು.

"ಎಲ್ಲೂ ಸಂದಿ ಇಲ್ಲ ಕಣಮ್ಮ," ಎಂದಳು ಅಜ್ಜಿ ಇಳಿಯುತ್ತ. "ನಾಳೆಯಿಂದ ರೊಪ್ಪದ ಬೇಲೀನೂ ನೀನೇ ಕಟ್ಟು."