ಹೊಲದ ವಿಳಾಸಕ್ಕೆ ಮೂರು ಟವೆಲ್

ಅತ್ತೆ ಚಿಕ್ಕನಿಂಗಮ್ಮನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಅವತ್ತು ಅಂಗಡಿಯ ಹಸಿರು ರೇಷ್ಮೆ ಸೀರೆಯನ್ನೇ ಉಡಿಸಿದ್ದರು. ಆ ಸೀರೆ ಇದ್ದದ್ದು ಒಂದೇ. ಆನ್‌ಲೈನ್‌ನಲ್ಲಿ ಸ್ಟಾಕನ್ನು ಒಂದರಿಂದ ಸೊನ್ನೆಗೆ ಇಳಿಸಲು ಯಾರಿಗೂ ನೆನಪಾಗಲಿಲ್ಲ. ಆ ಸೀರೆಗೇ ಆರ್ಡರ್ ಬಿತ್ತು. ಇವತ್ತು ಸಂಜೆ ಆರರೊಳಗೆ ಕಳಿಸಬೇಕು.

ಕೊಳ್ಳೇಗಾಲದ ಅಂಗಡಿಯಲ್ಲಿ ಭವ್ಯಶ್ರೀ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ಹಾಕಿದಳು. ಏಳು ದಿನದಲ್ಲಿ ಮೂವತ್ತೆಂಟು ಆರ್ಡರ್. ಒಂದನ್ನು ತಾವೇ ರದ್ದು ಮಾಡಿದರೆ ಶೇಕಡ 2.63. ಆನ್‌ಲೈನ್ ಮಾರಾಟ ತಾಣದ ನಿಯಮದಂತೆ ಅದು 2.5ಕ್ಕಿಂತ ಕಡಿಮೆ ಇರಬೇಕು. ಹೋದ ತಿಂಗಳು ಒಮ್ಮೆ ಮೀರಿತ್ತು. ಇನ್ನೊಮ್ಮೆ ಮೀರಿದರೆ ಖಾತೆ ಬಂದ್ ಎಂದು ಎಚ್ಚರಿಕೆ ಬಂದಿತ್ತು. ಮನೆ ನಡೆಯುತ್ತಿದ್ದುದೇ ಆ ಖಾತೆಯಿಂದ.

"ತಡ ಮಾಡಿ ಕಳ್ಸುವ," ಎಂದ ಮೈದುನ ರುದ್ರಸ್ವಾಮಿ.

"ತಡದ ಮಿತಿ ನಾಕು ಪರ್ಸೆಂಟು. ಈಗ್ಲೇ ಮೂರು ಪಾಯಿಂಟ್ ಎಂಟು. ಅಲ್ದೆ ಏನ್ನ ಕಳ್ಸೀಯೆ?"

"ಸುಮ್ಕೆ ಕಳ್ಸಿದೀವಿ ಅಂತ ಒತ್ಬುಡಿ."

"ಸೀರೆ ಬರ್ನಿಲ್ಲ ಅಂತ ಅವ್ರು ದೂರು ಕೊಡ್ತರೆ. ದೂರಿನ ಮಿತಿ ಒಂದೇ ಪರ್ಸೆಂಟು."

ಅವನು ದನಿ ತಗ್ಗಿಸಿದ. "ಮೂರೇ ದಿನ ಅಲ್ವ ಅತ್ಗೆ. ತಗ್ದು ತೊಳುದ್ರೆ ಮಣ್ಣು ಓಯ್ತದೆ."

"ಥೂ! ನಿಮ್ಮವ್ವ ಕಣೋ!"

"ಅವ್ವನೇ ಇದ್ದಿದ್ರೆ ಅನ್ನೋಳು, ಒಳ್ಳೆ ಸೀರೆ ಮಣ್ಗಾಕುದ್ರಲ್ಲಾ ಅಂತ."

ಸಾಬೂನಿನ ನೊರೆ, ಇಸ್ತ್ರಿ ಎರಡೂ ಅವಳ ಕಣ್ಣ ಮುಂದೆ ಬಂದವು. ತನ್ನ ಬಗ್ಗೆಯೇ ಹೇಸಿಗೆಯಾಯಿತು.

ನಾಲ್ಕಕ್ಕೆ ಲ್ಯಾಪ್‌ಟಾಪ್ ಸದ್ದು ಮಾಡಿತು. ಒಂದು ಹತ್ತಿ ಟವೆಲ್. ಮತ್ತೊಂದು. ಇನ್ನೊಂದು. ನಲವತ್ತೊಂದು ಆರ್ಡರ್. ಈಗ ಒಂದು ರದ್ದಾದರೆ 2.44. ಅವಳು ತಕ್ಷಣ ಸೀರೆಯ ಆರ್ಡರ್ ರದ್ದು ಮಾಡಿದಳು. ಅಂಕಿ ಹಸಿರಾಗಿಯೇ ಉಳಿಯಿತು.

ಆಮೇಲೆ ವಿಳಾಸ ನೋಡಿದಳು. ಮೂರೂ ಒಂದೇ: ಸಿ. ನಿಂಗಮ್ಮ, ಹೊಂಗೆ ಮರದ ಹೊಲ, ಮಧುವನಹಳ್ಳಿ. ಅತ್ತೆಯನ್ನು ಹೂತಿದ್ದ ತಮ್ಮದೇ ಹೊಲ.

"ನೀನೇ ಆಕ್ದೇನೋ?"

ರುದ್ರಸ್ವಾಮಿ ಫೋನ್ ತೋರಿಸಿದ. ಚಾರ್ಜ್ ಇಲ್ಲದೆ ಸತ್ತುಹೋಗಿತ್ತು. "ಅವ್ವನಾಣೆ, ನಾನಲ್ಲ. ರದ್ದು ಮಾಡ್ಬುಡಿ ಅತ್ಗೆ, ಆ ಟವೆಲ್ ಕಳ್ಸಬ್ಯಾಡಿ."

"ರದ್ದು ಮಾಡುದ್ರೆ ಮೀರ್ತದೆ."

ಅವಳೇ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದಳು. ಸಂಜೆ ಪಾರ್ಸೆಲ್ ಒಯ್ಯಲು ಬಂದ ಜಡೇಸ್ವಾಮಿ ಓದಿ ನಕ್ಕ. "ಹೊಲ್ದಲ್ಲಿ ಯಾರಕ್ಕ ಇಸ್ಕಳ್ಳೋರು?"

"ನೀನು ಸ್ಕ್ಯಾನ್ ಮಾಡು."

ಮರುದಿನ ಹಳೆಯ ಆರು ಆರ್ಡರ್ ಏಳು ದಿನದ ಲೆಕ್ಕದಿಂದ ಉದುರಿದವು. ಹೊಸದಾಗಿ ಬಂದದ್ದು ನಾಲ್ಕು. ಮೂವತ್ತೊಂಬತ್ತಕ್ಕೆ ಒಂದು, 2.56. ಅಂಕಿ ಕೆಂಪಾಯಿತು. ದಿನದ ಕೊನೆಗೆ ನಲವತ್ತೊಂದು ಆಗದಿದ್ದರೆ ಖಾತೆ ಬಂದ್.

ಭವ್ಯಶ್ರೀ ಅಂಗಡಿಯ ಬಾಗಿಲನ್ನು ಅರ್ಧ ಎಳೆದಳು. ಟವೆಲ್ ಕಟ್ಟನ್ನು ಹತ್ತಿರ ಸರಿಸಿಕೊಂಡು ಕೂತಳು. ಮೆಲ್ಲಗೆ ಅಂದಳು: "ಅತ್ತೆ, ಇನ್ನೆರಡು."